ಒಂದು ‘ಹೌದು’ ಮತ್ತು ನಾಲ್ಕು ಖಾಲಿ ಬಕೆಟ್ಟುಗಳು

ಹಿಂಜವಾಡಿಯ ಕಾಲೇಜೊಂದರ ಸಾಂಸ್ಕೃತಿಕ ಉತ್ಸವಕ್ಕಾಗಿ ನಮ್ಮ ಬಳಗದ ಹುಡುಗರು ಪ್ರಹಸನವೊಂದನ್ನು ಬರೆದು ತಂದಾಗ ಅದರಲ್ಲಿ ನಗೆಮಾತುಗಳಿಗೆ ಕೊರತೆಯಿರಲಿಲ್ಲ. ಆದರೆ ನಗು ಬರಲಿಲ್ಲ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಗಳಲ್ಲಿರುವಂತೆ ಇಲ್ಲಿಯೂ ಆರು ಮಂದಿ ಮತ್ತು ಹತ್ತು ನಿಮಿಷಗಳ ಮಿತಿಯಿತ್ತು. ಇಷ್ಟು ಕಿರಿದಾದ ಅವಕಾಶದಲ್ಲಿ ಹತ್ತು ಹಾಸ್ಯಗಳನ್ನು ತುರುಕುವುದಕ್ಕಿಂತ ಒಂದೇ ತಪ್ಪುತಿಳಿವನ್ನು ಬೆಳೆಸುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಅಂಥ ತಪ್ಪುತಿಳಿವು ಅವರ ಹಸ್ತಪ್ರತಿಯ ಮೂರನೆಯ ಪುಟದಲ್ಲೇ ಅಡಗಿತ್ತು. ಮರಾಠಿಯಲ್ಲಿ ‘ಹೌದ’ ಎಂದರೆ ನೀರಿನ ತೊಟ್ಟಿ. ಪೇಶ್ವೆಗಳ ಕಾಲದಲ್ಲಿ ಕಾತ್ರಜದ ಕೆರೆಯಿಂದ ಹರಿದುಬಂದ ನೀರು ಪುಣೆಯ ಪೇಟೆಗಳಲ್ಲಿ ಇಂಥ ಹೌದಗಳಿಗೇ ಬೀಳುತ್ತಿತ್ತು. ಕನ್ನಡದ ಹುಡುಗನೊಬ್ಬ ಫೋನಿನಲ್ಲಿ ತಾಯಿಗೆ ‘ಹೌದು, ಹೌದು’ ಎನ್ನುತ್ತಿರುತ್ತಾನೆ. ಟ್ಯಾಂಕರಿಗಾಗಿ ಕಾಯುತ್ತಿರುವ ಮರಾಠಿ ಮನೆಯೊಡೆಯರಿಗೆ ಅದು ತೊಟ್ಟಿಯ ಸುದ್ದಿಯಾಗಿ ಕೇಳಿಸುತ್ತದೆ. ಬೇಸಗೆಯಲ್ಲಿ ಹಿಂಜವಾಡಿಯ ವಸತಿ ಸಮುಚ್ಚಯಗಳಲ್ಲಿ ಬಾಳಿದವರಿಗೆ ಟ್ಯಾಂಕರಿನ ಹಾದಿ ಕಾಯುವುದೆಂದರೇನೆಂದು ಹೇಳಬೇಕಾಗಿಲ್ಲ.

ತೊಡಕಿದ್ದುದು ಆರಂಭದಲ್ಲಿ. ಮರಾಠಿ ಪ್ರೇಕ್ಷಕರಿಗೆ ‘ಹೌದು’ ಎಂಬುದು ಸಮ್ಮತಿಯೆಂದೂ, ಕನ್ನಡಿಗರಿಗೆ ‘ಹೌದ’ ಎಂಬುದು ತೊಟ್ಟಿಯೆಂದೂ ಮೊದಲೇ ತಿಳಿದಿರಬೇಕು. (ಬೆಳಗಾವಿ, ಧಾರವಾಡಗಳ ಕಡೆಯವರಿಗೆ ತೊಟ್ಟಿಯ ಅರ್ಥ ಪರಿಚಿತವೇ, ಅವರು ಉಳಿದವರಿಗಿಂತ ಮುಂಚೆ ನಗುತ್ತಾರೆ.) ಹುಡುಗರು ಇದಕ್ಕಾಗಿ ನಿರೂಪಕನನ್ನು ಕರೆತಂದು ಎರಡು ಅರ್ಥಗಳನ್ನೂ ಹೇಳಿಸಿದ್ದರು. ವಿವರಿಸಿದ ಮೇಲೆ ನಗಲು ಏನುಳಿಯುತ್ತದೆ? ನಾವು ನಿರೂಪಕನನ್ನು ತೆಗೆದೆವು. ಹುಡುಗ ‘ಹೌದು’ ಎಂದಾಗಲೆಲ್ಲ ತಲೆಯಾಡಿಸಲಿ. ಮನೆಯೊಡೆಯರು ಖಾಲಿ ಬಕೆಟ್ಟನ್ನು ನೋಡುತ್ತ, ತಮ್ಮ ಹಳೆಯ ವಾಡೆಯಲ್ಲಿದ್ದ ದೊಡ್ಡ ಹೌದವನ್ನು ಕೈಯಗಲಿಸಿ ನೆನೆಯಲಿ. ಒಂದು ನಿಮಿಷದೊಳಗೆ ಎರಡೂ ಅರ್ಥಗಳು ಸಭೆಯ ಕೈಸೇರುತ್ತವೆ. ಪಾಠ ಮಾಡಿದರೆಂದು ಯಾರಿಗೂ ಅನ್ನಿಸುವುದಿಲ್ಲ.

ಉಚ್ಚಾರಣೆಯೂ ಒಂದು ಸಂಗತಿಯೇ. ಬೆಂಗಳೂರಿನ ಹುಡುಗ ಕೊನೆಯ ಉಕಾರವನ್ನು ಸ್ಪಷ್ಟವಾಗಿ ನುಡಿಯುತ್ತಿದ್ದುದರಿಂದ ಮರಾಠಿ ಕಿವಿಗೆ ಅದು ತಟ್ಟಲಿಲ್ಲ. ಉಕಾರವನ್ನು ನುಂಗಿ ‘ಹೌದ್’ ಎಂದೊಡನೆ ಮರಾಠಿಯ ಗೆಳೆಯನೊಬ್ಬ ಪಕ್ಕನೆ ನಕ್ಕ.

ಮೂಲ ಪ್ರತಿಯಲ್ಲಿ ಮುಂದಿನ ಭಾಗವೆಂದರೆ ನೆರೆಯವರು ಒಬ್ಬೊಬ್ಬರಾಗಿ ಬಂದು ಅದೇ ಪ್ರಶ್ನೆ ಕೇಳಿ ಅದೇ ಉತ್ತರ ಪಡೆಯುವುದು. ಇದು ಪುನರಾವರ್ತನೆಯೇ ಹೊರತು ಏರಿಕೆಯಲ್ಲ. ಏರಬೇಕಾದುದು ಜನರ ಸಂಖ್ಯೆಯಲ್ಲ, ತಪ್ಪಿಗೆ ತೆರಬೇಕಾದ ಬೆಲೆ. ಆದ್ದರಿಂದ ಮೊದಲ ‘ಹೌದು’ವನ್ನು ಮನೆಯೊಡೆಯರು ನಂಬುತ್ತಾರೆ, ಅಷ್ಟೇ. ಎರಡನೆಯದಕ್ಕೆ ನೆರೆಯವರು ಬಕೆಟ್ಟು ಹಿಡಿದು ಸಾಲುಗಟ್ಟುತ್ತಾರೆ. ಮೂರನೆಯದಕ್ಕೆ ಸೊಸೈಟಿಯ ಅಧ್ಯಕ್ಷರು, ತೊಟ್ಟಿಯಿರುವಾಗ ಹಣವೇಕೆ ದಂಡವೆಂದು, ಗೇಟಿಗೆ ಬಂದಿದ್ದ ಟ್ಯಾಂಕರನ್ನೇ ಹಿಂದಕ್ಕೆ ಕಳುಹಿಸುತ್ತಾರೆ. ಟ್ಯಾಂಕರಿನ ಹಾರನ್ನು ದೂರವಾಗುತ್ತದೆ. ಇನ್ನು ನಾಲ್ಕನೆಯ ಮೆಟ್ಟಿಲು ಬೇಡ. ಹಿಂದಿರುಗಲಾರದ ಹಾನಿ ಆಗಿಹೋಗಿದೆ.

ಕೊನೆಯ ಹೊಡೆತದ ವಿಷಯದಲ್ಲಿ ನಮಗೂ ಹುಡುಗರಿಗೂ ಜಗಳವೇ ಆಯಿತು. ಸತ್ಯ ತಿಳಿದು ಎಲ್ಲರೂ ಹುಡುಗನನ್ನು ಸುತ್ತುವರಿದಿದ್ದಾರೆ. ಫೋನು ಮತ್ತೆ ಮೊಳಗುತ್ತದೆ. ಅವನು ಎತ್ತಿಕೊಳ್ಳುತ್ತಾನೆ, ಆಲಿಸುತ್ತಾನೆ, ‘ಹೌ’ ಎನ್ನಲು ತುಟಿ ತೆರೆಯುತ್ತಾನೆ. ನಾಲ್ಕು ಬಕೆಟ್ಟುಗಳು ಒಮ್ಮೆಗೇ ಮೇಲೇಳುತ್ತವೆ. ಕತ್ತಲು. ಹುಡುಗರಿಗೆ ಇದರ ಮೇಲೆ ನೀರಿನ ಉಳಿತಾಯ, ಭಾಷಾ ಸೌಹಾರ್ದಗಳ ಕುರಿತು ಎರಡು ವಾಕ್ಯಗಳು ಬೇಕಿದ್ದವು; ಸಂದೇಶವಿಲ್ಲದ ಪ್ರಹಸನಕ್ಕೆ ತೀರ್ಪುಗಾರರು ಅಂಕ ಕೊಡುವುದಿಲ್ಲವೆಂಬ ಭಯ. ಆ ಭಯ ನಿರಾಧಾರವೆಂದು ನಾವು ಹೇಳಲಾರೆವು. ಆದರೂ ನಗುವಿನ ನಡುವೆ ಬೋಧನೆಗೆ ಬಾಯಿ ತೆರೆದ ನಟನ ಮೊದಲ ವಾಕ್ಯ ಯಾರಿಗೂ ಕೇಳಿಸುವುದಿಲ್ಲ. ಎರಡನೆಯದು ಕೇಳಿಸುವ ಹೊತ್ತಿಗೆ ನಗು ಸತ್ತಿರುತ್ತದೆ.

ಈ ಮುಕ್ತಾಯಕ್ಕೆ ಮಾತಿಲ್ಲವಾದ್ದರಿಂದ ಎಲ್ಲವೂ ಕ್ಷಣಗಳ ಮೇಲೆ ನಿಂತಿದೆ. ಫೋನೆತ್ತಿದ ಮೇಲೆ ಸುಮಾರು ಎರಡು ಸೆಕೆಂಡುಗಳ ಮೌನ ಬೇಕು. ಅಷ್ಟರಲ್ಲಿ ಸಭೆಯೇ ಆ ಪದವನ್ನು ಊಹಿಸಿಕೊಳ್ಳುತ್ತದೆ. ಮೌನ ಇನ್ನೂ ಉದ್ದವಾದರೆ ನಟ ಮಾತು ಮರೆತನೆಂಬ ಅನುಮಾನ ಹುಟ್ಟುತ್ತದೆ. ತಾಲೀಮಿನಲ್ಲಿ ಬಕೆಟ್ಟುಗಳು ಒಂದರ ಹಿಂದೊಂದು ಎದ್ದು ಹೊಡೆತವನ್ನು ಚೂರುಚೂರು ಮಾಡಿದವು. ಎಲ್ಲರೂ ಹುಡುಗನ ತುಟಿಯನ್ನು ನೋಡುತ್ತಿದ್ದುದೇ ಕಾರಣ. ಪಕ್ಕಕ್ಕೆ ನಿಂತವರಿಗೆ ತುಟಿ ಕಾಣುತ್ತಿರಲಿಲ್ಲ. ಎಡಗೈ ಎದೆಗೇರುವುದನ್ನೇ ಸನ್ನೆಯಾಗಿಟ್ಟುಕೊಂಡ ಮೇಲೆ ಕೈಗಳು ಕೂಡಿಬಂದವು. ದೀಪದವನಿಗೂ ಅದೇ ಸನ್ನೆ. ನಗು ಕೇಳಿದ ಮೇಲೆ ದೀಪ ಆರಿಸುತ್ತೇನೆಂದು ಅವನು ಹಟ ಹಿಡಿದಿದ್ದ. ಬಕೆಟ್ಟು ತುದಿ ಮುಟ್ಟಿದೊಡನೆ ಆರಿಸಬೇಕೆಂದು ಒಪ್ಪಿಸಲು ನಮಗೆ ಒಂದು ಸಂಜೆಯೇ ಹಿಡಿಯಿತು.