ಉಪಗ್ರಹದ ಗುರುತುಸಂಖ್ಯೆಯಿಂದ ಅದನ್ನು ಹಾರಿಸಿದ ದೇಶ ತಿಳಿಯುತ್ತದೆಯೇ?

ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಆರ್ಯಭಟ ನಮ್ಮ ದೇಶದ ಮೊದಲ ಉಪಗ್ರಹ. ಅದರ ಅಂತರರಾಷ್ಟ್ರೀಯ ಗುರುತುಸಂಖ್ಯೆ 1975-033A. ಇದನ್ನು ಬಿಡಿಸಿ ಓದೋಣ. 1975 ಎಂಬುದು ಉಡಾವಣೆಯ ವರ್ಷ. 033 ಎಂಬುದು ಆ ವರ್ಷ ಜಗತ್ತಿನಲ್ಲಿ ನಡೆದ ಉಡಾವಣೆಗಳ ಸಾಲಿನಲ್ಲಿ ಇದರ ಕ್ರಮಸಂಖ್ಯೆ. ಒಂದೇ ಉಡಾವಣೆಯಲ್ಲಿ ಕಕ್ಷೆ ಸೇರಿದ ವಸ್ತುಗಳನ್ನು ಕೊನೆಯ ಅಕ್ಷರ ಬೇರ್ಪಡಿಸುತ್ತದೆ. A ಸಾಮಾನ್ಯವಾಗಿ ಮುಖ್ಯ ಉಪಗ್ರಹಕ್ಕೆ ಸಿಗುತ್ತದೆ. ದೇಶದ ಹೆಸರು ಮಾತ್ರ ಇದರಲ್ಲಿ ಎಲ್ಲೂ ಇಲ್ಲ.

ದೇಶ ತಿಳಿಯಲು ಈ ಸಂಖ್ಯೆಯನ್ನು ಸೆಲೆಸ್‌ಟ್ರ್ಯಾಕ್ ಜಾಲತಾಣದ ಉಪಗ್ರಹ ಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿ ಆರ್ಯಭಟದ ಮಾಲೀಕರ ಜಾಗದಲ್ಲಿ IND ಎಂದಿದ್ದರೆ, ಉಡಾವಣಾ ಸ್ಥಳದ ಜಾಗದಲ್ಲಿ KYMTR ಎಂದಿದೆ. ಇದು ರಷ್ಯಾದ ಕಪೂಸ್ತಿನ್ ಯಾರ್ ನೆಲೆಯ ಸಂಕೇತ. ಉಪಗ್ರಹವನ್ನು ಕಕ್ಷೆಗೆ ಒಯ್ಯುವ ಸ್ವಂತ ರಾಕೆಟ್ ಆಗ ಭಾರತದ ಬಳಿ ಇರಲಿಲ್ಲ. ಹಾಗಾಗಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ ರಾಕೆಟ್ ಅದನ್ನು ಹೊತ್ತೊಯ್ದಿತು.

2017ರ ಹೊತ್ತಿಗೆ ಚಿತ್ರ ತಿರುವುಮುರುವಾಗಿತ್ತು. ಆ ವರ್ಷದ ಫೆಬ್ರವರಿ 15ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ37 ಒಯ್ದ 104 ಉಪಗ್ರಹಗಳ ಸಂಖ್ಯೆಯೂ 2017-008 ಎಂದೇ ಶುರುವಾಗುತ್ತದೆ. ಅವುಗಳಲ್ಲಿ ಭಾರತದವು ಮೂರೇ. ಉಳಿದವು ಹಣ ಕೊಟ್ಟು ಜಾಗ ಪಡೆದ ವಿದೇಶಿ ಉಪಗ್ರಹಗಳು.

ಉಡಾವಣಾ ಸ್ಥಳವೊಂದನ್ನೇ ನಂಬಿದರೂ ಎಡವಬಹುದು. ಭಾರತದ ಐಆರ್‌ಎಸ್-1ಎ 1988ರಲ್ಲಿ ಬೈಕನೂರಿನಿಂದ ಹಾರಿತು. ಆ ನೆಲ ಇಂದು ಕಜಕಸ್ತಾನದಲ್ಲಿದೆ. ಆದರೆ ಹಾರಿಸಿದ್ದು ಸೋವಿಯತ್ ಒಕ್ಕೂಟ. ಆದ್ದರಿಂದ ಸ್ಥಳದ ಜೊತೆಗೆ ದಿನಾಂಕವನ್ನೂ ರಾಕೆಟ್ ಯಾರದೆಂಬುದನ್ನೂ ನೋಡಿಯೇ ನಾವು ಉಡಾವಣೆ ಮಾಡಿದ ದೇಶವನ್ನು ಗುರುತಿಸಬೇಕು.