ಹಸಿರು ಚುಕ್ಕಿಯನ್ನು ನಂಬಿ ಕೂರಬೇಡಿ

ದಾವಣಗೆರೆಯ ನಮ್ಮ ಮನೆ ಮೇಲೆ 3 ಕಿಲೋವಾಟ್ ಸೋಲಾರ್ ಇದೆ. ಅಪ್ಪ ದಿನಾ ಸಂಜೆ ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಅಮ್ಮ ಹೆಬ್ಬೆರಳು ತೋರಿಸುತ್ತಾಳೆ. ಹಾಸ್ಟೆಲ್‌ನಲ್ಲಿರುವ ನಾನು ಆ ಅಂಕಿಗಳನ್ನು ಶೀಟ್‌ನಲ್ಲಿ ಬರೆದಿಡುತ್ತೇನೆ. ಚಿತ್ರ ನೋಡಿ ಅಂಕಿ ಹೆಕ್ಕುವ ಪುಟ್ಟ ಪ್ರೋಗ್ರಾಂ ಒಂದನ್ನು ಜಂಬದಿಂದ ಬರೆದಿದ್ದೆ. ಅದು ಚುಕ್ಕಿ ನುಂಗಿ 13.2 ಅನ್ನು 132 ಎಂದು ಓದಿತು. ಈಗ ಕೈಯಲ್ಲೇ ಟೈಪ್ ಮಾಡುತ್ತೇನೆ, ಎರಡೇ ನಿಮಿಷದ ಕೆಲಸ.

ಮೊದಲು ನಾನು ಬರೆಯುತ್ತಿದ್ದುದು ‘ಇಂದಿನ ಉತ್ಪಾದನೆ’ಯನ್ನು. ಒಂದು ದಿನ ಅಪ್ಪ ಮದುವೆಗೆ ಹೊರಟವರು ನಾಲ್ಕು ಗಂಟೆಗೇ ಸ್ಕ್ರೀನ್‌ಶಾಟ್ ಕಳಿಸಿದ್ದರು. 12.0 ಎಂದಿತ್ತು. ಏನೋ ಕೆಟ್ಟಿದೆ ಎಂದುಕೊಂಡೆ. ಮರುದಿನ ‘ಇಂದು’ 13.2 ಎಂದಿದ್ದರೂ ‘ಒಟ್ಟು’ ಎಂಬ ಅಂಕಿ 14.4 ಏರಿತ್ತು. ಆ ಹೆಚ್ಚುವರಿ 1.2 ಯೂನಿಟ್ ಹಿಂದಿನ ದಿನ ನಾಲ್ಕರ ನಂತರ ಬಂದದ್ದು. ‘ಇಂದು’ ಮಧ್ಯರಾತ್ರಿ ಸೊನ್ನೆಯಾಗುತ್ತದೆ, ‘ಒಟ್ಟು’ ಆಗುವುದಿಲ್ಲ. ಹಾಗಾಗಿ ಒಟ್ಟನ್ನೇ ಬರೆದುಕೊಂಡು ನಿನ್ನೆಯದನ್ನು ಕಳೆಯುವುದು ಒಳ್ಳೆಯದು. ಒಂದು ದಿನ ಮರೆತರೂ ಲೆಕ್ಕ ತಪ್ಪದು.

ಆದರೆ ಇಷ್ಟರಿಂದ ದೋಷ ಸಿಗುವುದಿಲ್ಲ. ಮೋಡದ ದಿನ ಉತ್ಪಾದನೆ ಅರ್ಧಕ್ಕಿಳಿಯುವುದು ಸಹಜ. ‘10ಕ್ಕಿಂತ ಕಡಿಮೆಯಾದರೆ ಕೆಂಪು ಬಣ್ಣ’ ಎಂದು ನಿಯಮ ಹಾಕಿದರೆ ಮೋಡವೆಲ್ಲ ಕೆಂಪಾಗುತ್ತದೆ, ನಿಜವಾದ ತೊಂದರೆ ಬಿಳಿಯಾಗಿಯೇ ಉಳಿಯುತ್ತದೆ. ಅದಕ್ಕೆ ಅದೇ ಬಡಾವಣೆಯಲ್ಲಿರುವ ಚಿಕ್ಕಪ್ಪನ 2 ಕಿಲೋವಾಟ್ ಅಂಕಿಯನ್ನೂ ಪಕ್ಕದ ಕಾಲಂನಲ್ಲಿ ಇಟ್ಟೆ. ಬಿ ನಮ್ಮ ಒಟ್ಟು, ಸಿ ನಮ್ಮ ದಿನದ ಯೂನಿಟ್, ಡಿ ಅವರದು. ಸಿ ಮತ್ತು ಇ ಕಾಲಂಗಳ ಸೂತ್ರ ಇಷ್ಟೇ:

```
=B5-B4
=C5/D5
```

ಎರಡೂ ಮನೆಯ ಮೇಲೆ ಅದೇ ಆಕಾಶ. ಬಿಸಿಲಿನ ದಿನ 13.2ಕ್ಕೆ 8.8, ಭಾಗಿಸಿದರೆ 1.5. ಮೋಡದ ದಿನ 7.8ಕ್ಕೆ 5.2, ಆಗಲೂ 1.5. ಅಲ್ಲಿ ಇಲ್ಲಿ ಹಾದುಹೋಗುವ ಮೋಡದಿಂದ 1.45, 1.55 ಆಗುವುದುಂಟು, ಒಂದು ದಿನದ ಏರಿಳಿತಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಮಾರ್ಚ್ ಎರಡನೇ ವಾರ ನಮ್ಮದು 11.4, ಚಿಕ್ಕಪ್ಪನದು 8.8. ಅನುಪಾತ 1.3. ಮೂರು ದಿನವೂ ಹೆಚ್ಚುಕಡಿಮೆ ಹಾಗೆಯೇ. ಆ್ಯಪ್ ಮಾತ್ರ ಹಸಿರು ಚುಕ್ಕಿ ತೋರಿಸಿ ‘Normal’ ಎನ್ನುತ್ತಿತ್ತು. ಸಂಜೆ ಆರಕ್ಕೆ ಅದು ನಿಜವೂ ಹೌದು, ಆ ಹೊತ್ತಿಗೆ ಏನೂ ಕೆಟ್ಟಿರಲಿಲ್ಲ.

ಧೂಳು ಎಂದರು ಅಪ್ಪ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಪ್ಯಾನೆಲ್ ತೊಳೆದರು. ಅನುಪಾತ 1.31. ಧೂಳಾಗಿದ್ದರೆ ಅದು ದಿನದಿಂದ ದಿನಕ್ಕೆ ನಿಧಾನವಾಗಿ ಇಳಿಯಬೇಕಿತ್ತು, ಹೀಗೆ ಒಮ್ಮೆಲೇ ಅಲ್ಲ. ಆಗ ದಿನದ ಗೆರೆಯ ಚಿತ್ರವನ್ನೂ ಕಳಿಸಲು ಹೇಳಿದೆ. ಬೆಳಿಗ್ಗೆಯಿಂದ ಗುಡ್ಡದಂತೆ ನುಣುಪಾಗಿ ಏರಿದ ಗೆರೆ, ಹನ್ನೊಂದೂವರೆಯಿಂದ ಎರಡರ ನಡುವೆ ಹಲವು ಸಲ ನೆಲಕ್ಕೆ ಬಿದ್ದು ಎದ್ದಿತ್ತು. ನೆರಳಾಗಿದ್ದರೆ ಗೆರೆ ತಗ್ಗಬೇಕಿತ್ತು, ಸೊನ್ನೆಗೆ ಬೀಳುತ್ತಿರಲಿಲ್ಲ. ನಡುಹಗಲು ನಮ್ಮಲ್ಲಿ ಸುಮಾರು 2.2 ಕಿಲೋವಾಟ್ ಬರುತ್ತದೆ. ಕಾಣೆಯಾದ 1.8 ಯೂನಿಟ್ ಎಂದರೆ ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ಯಂತ್ರ ನಿಂತಿತ್ತು.

ಆ್ಯಪ್‌ನ ಒಳಪುಟದಲ್ಲಿ ಉತ್ತರ ಇತ್ತು: ‘Grid Overvoltage’. ಕರೆಂಟನ್ನು ಲೈನಿಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಲೈನಿಗಿಂತ ತುಸು ಮೇಲಿಡಬೇಕು. ನಮ್ಮ ಬೀದಿಯಲ್ಲಿ ಹೊಸದಾಗಿ ಇನ್ನೆರಡು ಮನೆಗೆ ಸೋಲಾರ್ ಬಂದಿದೆ. ಮಧ್ಯಾಹ್ನ ಎಲ್ಲರೂ ತಳ್ಳುವವರೇ, ಬಳಸುವವರು ಕಡಿಮೆ. 230 ಇರಬೇಕಾದ ವೋಲ್ಟೇಜ್ ಏರಿ, ನಮ್ಮ ಇನ್ವರ್ಟರ್‌ನ ಮಿತಿಯಾದ 253 ದಾಟಿದೊಡನೆ ಅದು ಕಳಚಿಕೊಳ್ಳುತ್ತದೆ. ಕೆಲವು ನಿಮಿಷ ಕಾದು ಮತ್ತೆ ಸೇರುತ್ತದೆ. ಚಿಕ್ಕಪ್ಪನ ಮನೆಗೆ ಬೇರೆ ಟ್ರಾನ್ಸ್‌ಫಾರ್ಮರ್, ಹಾಗಾಗಿ ಅವರಿಗೆ ಬಾಧೆಯಿಲ್ಲ.

ಮಿತಿಯನ್ನು ಏರಿಸಿಬಿಡೋಣ ಎಂದ ಸೋಲಾರ್ ಹುಡುಗ. ಬೇಡ ಎಂದೆ. ಆಗ ಮನೆಯ ಫ್ರಿಜ್, ಟಿವಿಗಳೂ ಅದೇ ಏರಿದ ವೋಲ್ಟೇಜ್ ತಿನ್ನಬೇಕಾಗುತ್ತದೆ. ಅಪ್ಪ ಶೀಟ್‌ನ ಪ್ರಿಂಟ್ ಮತ್ತು ಗೆರೆಯ ಚಿತ್ರ ಹಿಡಿದು ವಿದ್ಯುತ್ ಕಚೇರಿಗೆ ಎರಡು ಸಲ ಹೋದರು. ಮೊದಲ ಸಲ ‘ಬಿಸಿಲು ಜಾಸ್ತಿ ಸಾರ್, ಹಾಗಾಗುತ್ತೆ’ ಎಂಬ ಉತ್ತರ. ಎರಡನೇ ಸಲ ಲೈನ್‌ಮನ್ ಮಧ್ಯಾಹ್ನವೇ ಬಂದು ಮೀಟರ್ ಬಳಿ ಅಳೆದ: 256. ಸಂಜೆ ಬಂದಿದ್ದರೆ ಸರಿಯಾಗಿಯೇ ಇರುತ್ತಿತ್ತು. ವಾರದ ಮೇಲೆ ಅರ್ಧ ಗಂಟೆ ಲೈನ್ ತೆಗೆದು ಟ್ರಾನ್ಸ್‌ಫಾರ್ಮರ್ ಟ್ಯಾಪ್ ಒಂದು ಮೆಟ್ಟಿಲು ಇಳಿಸಿದರು. ಮರುದಿನದ ಅನುಪಾತ 1.49.

ಬಿಲ್ ಬಂದ ಮೇಲೆ ನೋಡಿದರಾಯಿತು ಎನ್ನುವವರಿದ್ದಾರೆ. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ಜೊತೆಗೇ ಬಿಲ್ ಏರುತ್ತದೆ. ಈ ಯೂನಿಟ್‌ಗಳು ಅದರಲ್ಲಿ ಕಲೆತುಹೋಗುತ್ತವೆ. ಅಪ್ಪ ಈಗ ದಿನಾ ಎರಡು ಚಿತ್ರ ಕಳಿಸುತ್ತಾರೆ, ಒಂದು ಒಟ್ಟು ಅಂಕಿಯದು, ಇನ್ನೊಂದು ಗೆರೆಯದು.