ಒಂದು ರಾತ್ರಿಗೆ ಇಬ್ಬರೇ ಬೀಗರು: ಪಿಜಿ ಹುಡುಗರಿಗೂ ಅವರ ಮನೆಯವರಿಗೂ ಒಂದು ಮನವಿ

ನಮ್ಮ ಮನೆಯಲ್ಲಿ ಇದ್ದು ಓದುತ್ತಿರುವ ಹುಡುಗರೇ, ಎಕಂಬಾ, ಔರಾದ, ಭಾಲ್ಕಿ ಕಡೆಯಿಂದ ಅವರನ್ನು ನಂಬಿ ಇಲ್ಲಿಗೆ ಕಳಿಸಿರುವ ತಾಯಿ-ತಂದೆಯರೇ,

ಗೋಡೆಯ ಮೇಲೆ ಹಳೆಯ ನಿಯಮದ ಹಾಳೆ ಒಂದಿದೆ. ಅದರಲ್ಲಿ ಬರೆದದ್ದೆಲ್ಲ ‘ಮಾಡಬಾರದು’ ಎಂದೇ ಮುಗಿಯುತ್ತದೆ, ಯಾಕೆ ಮಾಡಬಾರದು ಎಂಬುದು ಎಲ್ಲೂ ಇಲ್ಲ. ಕಾರಣ ಗೊತ್ತಿಲ್ಲದ ನಿಯಮವನ್ನು ಯಾರೂ ಮನಸ್ಸಿಟ್ಟು ಪಾಲಿಸುವುದಿಲ್ಲ. ಅದಕ್ಕೇ ಆ ಹಾಳೆ ತೆಗೆದು ಈ ಕಾಗದ ಅಂಟಿಸುತ್ತಿದ್ದೇನೆ. ಉದ್ದವಾಗಿದೆ, ಊಟಕ್ಕೆ ಕಾಯುವಾಗ ಓದಿ. ಮನೆಯವರಿಗೆ ಇದರ ಫೋಟೋ ತೆಗೆದು ಕಳಿಸಿ.

ಮೊದಲು ಬೀಗರ ವಿಷಯ. ಜಗಳ ಆಗುವುದು ಇದಕ್ಕೇ.

ನಾನೂ ಎಕಂಬಾದವನೇ. ನಮ್ಮ ಊರಿನಿಂದ ಬೀದರಿಗೆ ಬಂದವರು ಹೊತ್ತು ಮುಳುಗಿದ ಮೇಲೆ ಹಿಂದಿರುಗುವುದು ಎಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಔರಾದವರೆಗೆ ಹೇಗೋ ಗಾಡಿ ಸಿಗುತ್ತದೆ, ಅಲ್ಲಿಂದ ಮುಂದೆ ಹಳ್ಳಿಗೆ ಹೋಗಲು ಯಾರಾದರೂ ಗುರುತಿನವರ ಬೈಕು ಕಾಯಬೇಕು. ಹೀಗಾಗಿ ಬ್ರಿಮ್ಸ್ ದವಾಖಾನೆಗೆ ತೋರಿಸಲು ಬಂದ ಕಾಕಾ, ಜಿಲ್ಲಾಧಿಕಾರಿ ಕಚೇರಿಗೆ ಬಂದ ಮಾವ, ಕೋರ್ಟಿನ ತಾರೀಖಿಗೆ ಬಂದ ಅಣ್ಣ ಎಲ್ಲರೂ ‘ನಮ್ಮ ಹುಡುಗ ಇಲ್ಲೇ ಇದ್ದಾನಲ್ಲ, ರಾತ್ರಿ ಕಳೆದು ಹೋಗೋಣ’ ಎನ್ನುತ್ತಾರೆ. ಬಂದ ಬೀಗರಿಗೆ ಬಾಗಿಲಲ್ಲಿ ನಿಂತು ಇಲ್ಲ ಎನ್ನುವುದು ನಮ್ಮ ಕಡೆಯ ರೀತಿ ಅಲ್ಲ. ನಾನೂ ಹಾಗೆ ಹೇಳುವುದಿಲ್ಲ. ಆದರೆ ಇಡೀ ಮನೆಗೆ, ಒಂದು ಕೋಣೆಗಲ್ಲ, ಇಡೀ ಮನೆಗೆ, ಒಂದು ರಾತ್ರಿಗೆ ಇಬ್ಬರು ಅತಿಥಿಗಳಿಗಿಂತ ಹೆಚ್ಚು ಬೇಡ ಎಂದು ಕೇಳಿಕೊಳ್ಳುತ್ತೇನೆ. ಈ ಇಬ್ಬರು ಎಂಬ ಲೆಕ್ಕ ಬಂದದ್ದು ಮಾಳಿಗೆ ಮೇಲಿನ ಟಾಕಿಯಿಂದ.

ಲೆಕ್ಕ ನೋಡಿ. ಟಾಕಿ 1000 ಲೀಟರಿನದು. ಮನೆಯಲ್ಲಿ ನೀವು 22 ಜನ. ಬೆಳಗ್ಗೆ ಐದೂವರೆಯಿಂದ ಎಂಟೂವರೆಯೊಳಗೆ ಒಬ್ಬನಿಗೆ ಸ್ನಾನಕ್ಕೆ ಒಂದು ಬಕೆಟ್ ಅಂದರೆ 20 ಲೀಟರ್, ಪಾಯಿಖಾನೆಗೂ ಮುಖ ತೊಳೆಯಲೂ ಸುಮಾರು 15 ಲೀಟರ್ ಬೇಕು. 35ನ್ನು 22ರಿಂದ ಗುಣಿಸಿದರೆ 770 ಲೀಟರ್. ಅಡುಗೆಮನೆಗೆ ಅಷ್ಟೇ ಹೊತ್ತಿನಲ್ಲಿ 150 ಲೀಟರ್. ಒಟ್ಟು 920 ಆಯಿತು. ಉಳಿದದ್ದು 80 ಲೀಟರ್. ಇಬ್ಬರು ಬೀಗರು ಸ್ನಾನ ಮಾಡಿದರೆ 70 ಲೀಟರ್ ಹೋಗುತ್ತದೆ. ಮೂರನೆಯವರು ಬಂದ ದಿನ, ಕೊನೆಗೆ ಎದ್ದ ಹುಡುಗ ಮೈಗೆಲ್ಲ ಸಾಬೂನು ಹಚ್ಚಿಕೊಂಡು ನಲ್ಲಿ ತಿರುಗಿಸಿದಾಗ ಗಾಳಿಯ ಸದ್ದಷ್ಟೇ ಬರುತ್ತದೆ.

ಮೋಟರು ಹಾಕಿ ಮತ್ತೆ ತುಂಬಿಸಬಹುದಲ್ಲ ಎಂದು ಕೇಳುತ್ತೀರಿ. ಕರೆಂಟು ಇದ್ದರೆ ತುಂಬಿಸಬಹುದು. ಬೆಳಗಿನ ಹೊತ್ತಿಗೇ ಕರೆಂಟು ಹೋದರೆ ನಮ್ಮ ಇನ್ವರ್ಟರ್ ಲೈಟು-ಫ್ಯಾನು ತಿರುಗಿಸುತ್ತದೆಯೇ ಹೊರತು ಮೋಟರನ್ನು ಎಳೆಯುವುದಿಲ್ಲ. ಇನ್ನೊಂದು ಟಾಕಿ ಕೂಡಿಸಿ ಎಂದೂ ಕೆಲವರು ಹೇಳಿದ್ದಾರೆ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಈ ಮನೆಯ ಸ್ಲ್ಯಾಬು ಹಳೆಯದು, ಕೆಳಗೆ ನೀವು ಮಲಗಿರುತ್ತೀರಿ. ಕಂಬದ ಮೇಲೆ ಸರಿಯಾಗಿ ಕೂರಿಸುವ ಏರ್ಪಾಡು ಆಗುವವರೆಗೆ ಆ ಸಾಹಸ ನಾನು ಮಾಡುವುದಿಲ್ಲ.

ಹಾಗಾಗಿ ಅತಿಥಿ ಬರುವ ದಿನ ಸಂಜೆ ಆರರೊಳಗೆ ನನಗೆ ಒಂದು ಫೋನು ಮಾಡಿ. ಮೊದಲು ಹೇಳಿದ ಇಬ್ಬರಿಗೆ ಜಾಗ. ಮೂರನೆಯವರಿಗೆ ಹತ್ತಿರದ ಲಾಡ್ಜ್ ಎಲ್ಲಿದೆ ಎಂದು ನಾನೇ ತೋರಿಸುತ್ತೇನೆ. ದವಾಖಾನೆಗೆ ಬಂದವರಿದ್ದರೆ ಅದನ್ನು ಮೊದಲೇ ಹೇಳಿ, ಅವರಿಗೆ ಆದ್ಯತೆ. ಮದುವೆಗೆ ಬಟ್ಟೆ ತರಲು ಬಂದ ಗೆಳೆಯ ಕಾಯಬಹುದು, ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ ಅಜ್ಜ ಕಾಯಲಾರ. ಎರಡು ರಾತ್ರಿಗಿಂತ ಹೆಚ್ಚು ಇರಬೇಕಾದರೆ ನನ್ನೊಂದಿಗೆ ಕುಳಿತು ಮಾತಾಡಿ. ಅತಿಥಿಯ ಹಾಸಿಗೆಗೆ ನಾನು ಹಣ ತೆಗೆದುಕೊಳ್ಳುವುದಿಲ್ಲ, ಊಟದ್ದು ಮಾತ್ರ ಕೊಡಬೇಕು.

ಬಂದವರ ಹೆಸರು, ಊರು, ಮೊಬೈಲ್ ನಂಬರು, ಯಾರಿಗೆ ಏನಾಗಬೇಕು, ಬಂದ ಮತ್ತು ಹೋದ ಹೊತ್ತು ಇಷ್ಟನ್ನು ಬಾಗಿಲ ಬಳಿಯ ವಹಿಯಲ್ಲಿ ಬರೆಯಬೇಕು. ಬರೆಯಲು ಬಾರದ ಹಿರಿಯರಿದ್ದರೆ ಹುಡುಗನೇ ಬರೆದು ತಾನು ಸಹಿ ಮಾಡಲಿ. ‘ನಮ್ಮನ್ನ ಕಳ್ಳರು ಅಂತ ತಿಳಕೊಂಡೀರೇನು’ ಎಂದು ಯಾರೂ ಬೇಸರ ಮಾಡಿಕೊಳ್ಳಬೇಡಿ. ಪೊಲೀಸರು ಬಂದು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಹೇಳಬೇಕಾದವನು ನಾನು. ರಾತ್ರಿ ಏನಾದರೂ ಅನಾಹುತವಾದರೆ ಒಳಗೆ ಎಷ್ಟು ಜನ ಇದ್ದಾರೆ ಎಂಬುದು ಆ ವಹಿಯಿಂದಲೇ ಗೊತ್ತಾಗುವುದು.

ಇಲ್ಲೇ ಇರುವ ಹುಡುಗರ ಆಧಾರ್ ಪ್ರತಿ ನನಗೆ ಬೇಕು. ಮೂಲ ಕಾರ್ಡು ಬೇಡ. ಅದನ್ನು ಯಾವ ಪಿಜಿಯವರು ಕೇಳಿದರೂ ಒತ್ತೆ ಇಡಬೇಡಿ. ಮೊದಲ ಎಂಟು ಅಂಕಿ ಮರೆಮಾಚಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್‌ನವರೇ ಡೌನ್‌ಲೋಡ್ ಮಾಡಿಕೊಳ್ಳಲು ಕೊಡುತ್ತಾರೆ. ನನ್ನ ಕಡತಕ್ಕೆ ಅದು ಸಾಕು. ಪ್ರತಿಯ ಮೇಲೆ ‘ಪಿಜಿ ವಾಸಕ್ಕೆ ಮಾತ್ರ’ ಎಂದು ಬರೆದು ತಾರೀಖು ಹಾಕಿ ಅಡ್ಡಗೆರೆ ಎಳೆದು ಕೊಡಿ.

ತಾಯಂದಿರಿಗೆ, ಅಕ್ಕ-ತಂಗಿಯರಿಗೆ ಒಂದು ಮಾತು. ಮೇಲಿನ ಕೋಣೆಗಳ ಕಡೆ ಹೆಣ್ಣುಮಕ್ಕಳು ಹೋಗುವುದು ಬೇಡ ಎಂದು ಇಟ್ಟಿರುವುದು ನಿಮ್ಮ ಮೇಲಿನ ಅನುಮಾನದಿಂದಲ್ಲ. ಹುಡುಗರು ಟವೆಲು ಸುತ್ತಿಕೊಂಡು ಓಡಾಡುವ ಜಾಗ ಅದು, ಮುಜುಗರ ಇಬ್ಬರಿಗೂ. ಕೆಳಗಿನ ಪಡಸಾಲೆ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಿಮ್ಮದೇ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಮಗನ ಜೊತೆ ಅಲ್ಲೇ ಕೂತು ಉಣ್ಣಿಸಿ. ರಾತ್ರಿ ನಿಲ್ಲಲೇಬೇಕಾಗಿ ಬಂದರೆ ಪಡಸಾಲೆಯಲ್ಲಲ್ಲ, ನಮ್ಮ ಮನೆಯವರ ಕೋಣೆಯಲ್ಲಿ ನಿಮಗೆ ಹಾಸಿಗೆ ಇದೆ. ಅದು ಆ ಇಬ್ಬರ ಲೆಕ್ಕದಲ್ಲೇ ಬರುತ್ತದೆ.

ಇನ್ನು ಬಚ್ಚಲ ಮನೆ. ಶವರು ತೆಗೆಸಿದ್ದೇನೆ ಎಂದು ಹೊಸ ಹುಡುಗರು ಗೊಣಗುತ್ತಾರೆ. ಶವರಿನಿಂದ ನಿಮಿಷಕ್ಕೆ ಹತ್ತು ಲೀಟರಿನಂತೆ ನೀರು ಬಿದ್ದರೆ ಹತ್ತು ನಿಮಿಷದ ಸ್ನಾನಕ್ಕೆ ನೂರು ಲೀಟರ್. ಮೂವರು ಹುಡುಗರ ಇಡೀ ಬೆಳಗು ಅದರಲ್ಲಿ ಹೋಯಿತು. ಬಟ್ಟೆ ಒಗೆಯುವುದು ಸಂಜೆ ನಾಲ್ಕರ ನಂತರ, ಇಲ್ಲವೇ ಭಾನುವಾರ ಹತ್ತರ ಮೇಲೆ. ಪಾಯಿಖಾನೆಯ ಫ್ಲಶ್ ಡಬ್ಬಿ ಒಳಗೊಳಗೇ ಸೋರುತ್ತಿದೆ ಎಂಬ ಅನುಮಾನ ಬಂದರೆ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಆ ಡಬ್ಬಿಗೆ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ನೀಲಿ ನೀರು ಇಳಿದಿದ್ದರೆ ನನಗೆ ಹೇಳಿ, ಅದೇ ದಿನ ವಾಷರ್ ಬದಲಿಸುತ್ತೇನೆ. ಒಂದು ಸೋರುವ ಡಬ್ಬಿ ರಾತ್ರಿಯಿಡೀ ಸದ್ದಿಲ್ಲದೆ ಬೀಗರ ಪಾಲಿನ ನೀರನ್ನು ಕುಡಿದುಬಿಡುತ್ತದೆ.

ಚಳಿಗಾಲದ ನಿಜವಾದ ಅಪಾಯ ನೀರು ಕಾಯಿಸುವ ರಾಡು. ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ಬೀದರಿನ ಬೆಳಗು ಮೈ ಕೊರೆಯುತ್ತದೆ, ಆಗ ಬ್ಯಾಗಿನ ತಳದಿಂದ ಒಂದೊಂದೇ ರಾಡು ಹೊರಗೆ ಬರುತ್ತದೆ. ಪೇಟೆಯಲ್ಲಿ ಸಿಗುವ ಸಾಮಾನ್ಯ ರಾಡು 1500 ವ್ಯಾಟಿನದು, ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಕೋಣೆಯಲ್ಲಿ ಮೊಬೈಲು ಚಾರ್ಜಿಗೆ ಇರುವ ಸಾಕೆಟ್ಟು 6 ಆಂಪಿಯರಿನದು. ಅಂದರೆ ಒಂದೇ ರಾಡು ಕೂಡ ಅದಕ್ಕೆ ಹೆಚ್ಚೇ. ನಾಲ್ಕು ಕೋಣೆಯಲ್ಲಿ ಒಟ್ಟಿಗೆ ಹಾಕಿದರೆ 6 ಕಿಲೋವ್ಯಾಟ್ ಆಗುತ್ತದೆ. ಜೆಸ್ಕಾಂನಿಂದ ಈ ಮನೆಗೆ ಮಂಜೂರಾಗಿರುವುದು 5 ಕಿಲೋವ್ಯಾಟ್. ಬೆಂಕಿ ಏಕ್‌ದಂ ಹತ್ತುವುದಿಲ್ಲ. ಮೊದಲು ಸಾಕೆಟ್ಟಿನ ಬಿಳಿ ಮುಖ ಹಳದಿಯಾಗುತ್ತದೆ, ಪ್ಲಗ್ ಕಿತ್ತಾಗ ಕಡ್ಡಿ ಕೈಗೆ ಬಿಸಿ ತಾಗುತ್ತದೆ, ಪ್ಲಾಸ್ಟಿಕ್ ಕಮರಿದ ವಾಸನೆ ಬರುತ್ತದೆ. ಈ ಮೂರರಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ನನ್ನನ್ನು ಎಬ್ಬಿಸಿ. ಇದಕ್ಕಿಂತ ಕೆಟ್ಟದ್ದು ಶಾಕ್. ನೀರು ಕಾದಿದೆಯೇ ಎಂದು ಸ್ವಿಚ್ಚು ಆರಿಸದೆ ಬಕೆಟ್ಟಿಗೆ ಬೆರಳಿಡುವ ಅಭ್ಯಾಸ ಎಲ್ಲರಿಗೂ ಇದೆ.

ಅದಕ್ಕೆ ಬದಲು ಎರಡು ಗೀಸರ್ ಹಾಕಿಸಿದ್ದೇನೆ. ಅವಕ್ಕೆ ಬೇರೆಯೇ ತಂತಿ, 16 ಆಂಪಿಯರಿನ ಸಾಕೆಟ್ಟು, ಕರೆಂಟು ಸ್ವಲ್ಪ ಸೋರಿದರೂ ತಾನೇ ಬೀಳುವ ಸ್ವಿಚ್ಚು ಇವೆ. ಬೆಳಗ್ಗೆ ಐದೂವರೆಯಿಂದ ಸರದಿ, ಪಟ್ಟಿ ಬಚ್ಚಲ ಬಾಗಿಲಿಗೆ ತೂಗು ಹಾಕಿದೆ. ಪರೀಕ್ಷೆ ಇರುವವನ ಹೆಸರು ಮೇಲೆ ಬರುತ್ತದೆ. ರಾಡು ಸಿಕ್ಕರೆ ದಂಡ ಹಾಕುವುದಿಲ್ಲ, ನನ್ನ ಬಳಿ ಇಟ್ಟುಕೊಂಡು ನೀವು ಊರಿಗೆ ಹೋಗುವಾಗ ಕೊಡುತ್ತೇನೆ. ಕೋಣೆಯಲ್ಲಿ ಗ್ಯಾಸ್ ಒಲೆ, ಚಿಕ್ಕ ಸಿಲಿಂಡರ್ ಮಾತ್ರ ಯಾವ ಕಾರಣಕ್ಕೂ ಬೇಡ. ರಾತ್ರಿ ಮ್ಯಾಗಿ ತಿನ್ನಬೇಕೆನಿಸಿದರೆ ಕೆಳಗೆ ಬನ್ನಿ, ಅಡುಗೆಮನೆಯ ಒಂದು ಒಲೆ ಹನ್ನೊಂದರವರೆಗೆ ತೆರೆದಿರುತ್ತದೆ.

ಊಟ ರಾತ್ರಿ ಎಂಟರಿಂದ ಒಂಬತ್ತೂವರೆ. ಜೋಳದ ರೊಟ್ಟಿ ತಟ್ಟುವವರು ಲೆಕ್ಕ ಹಿಡಿದು ತಟ್ಟುತ್ತಾರೆ. ಉಣ್ಣುವುದಿಲ್ಲ ಎಂದಾದರೆ ನಾಲ್ಕು ಗಂಟೆಯೊಳಗೆ ಹೇಳಿ.

ಗೇಟು ರಾತ್ರಿ ಹತ್ತಕ್ಕೆ ಹಾಕುತ್ತೇವೆ. ಹತ್ತು ಎಂಬುದು ನಿಮ್ಮ ನಡತೆ ಅಳೆಯಲು ಇಟ್ಟ ಗೆರೆಯಲ್ಲ, ಬಾಗಿಲು ತೆಗೆಯುವ ನಾವಿಬ್ಬರೂ ಮುದುಕರು, ಮಲಗಬೇಕು. ರೈಲಿಗೆ ಹೋಗುವವರು, ರಾತ್ರಿ ಪಾಳಿಯವರು, ದವಾಖಾನೆಯಲ್ಲಿ ರೋಗಿಯ ಜೊತೆ ಕೂತವರು ಒಂಬತ್ತರೊಳಗೆ ಒಂದು ಸಂದೇಶ ಹಾಕಿದರೆ ಎಷ್ಟೊತ್ತಿಗೆ ಬಂದರೂ ಬಾಗಿಲು ತೆಗೆಯುತ್ತೇನೆ. ಹೇಳದೆ ಬಂದವನಿಗೂ ತೆಗೆಯುತ್ತೇನೆ, ಬೀದಿಯಲ್ಲಿ ಮಾತ್ರ ನಿಲ್ಲಿಸುವುದಿಲ್ಲ. ಆದರೆ ಒಂದೇ ತಿಂಗಳಲ್ಲಿ ಮೂರನೆಯ ಸಲವಾದರೆ ನಿಮ್ಮ ಅಪ್ಪನಿಗೆ ಫೋನು ಹೋಗುತ್ತದೆ. ಗೇಟಿನ ಬೀಗ ಯಾವಾಗಲೂ ಒಳಗಿನಿಂದ. ಒಂದು ಕೀಲಿ ಮೆಟ್ಟಿಲ ಕೆಳಗಿನ ಗಾಜಿನ ಡಬ್ಬಿಯಲ್ಲಿ ತೂಗಿರುತ್ತದೆ. ಹೊಗೆಯೋ ಬೆಂಕಿಯೋ ಕಂಡರೆ ನನ್ನನ್ನು ಹುಡುಕುತ್ತಾ ನಿಲ್ಲದೆ ಗಾಜು ಒಡೆದು ಬೀಗ ತೆಗೆಯಿರಿ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಇರುವುದರಿಂದ ಹೊರಗೆ ಹೋಗಲು ಇರುವುದು ಅದೊಂದೇ ದಾರಿ. ಅದಕ್ಕೇ ಮೆಟ್ಟಿಲ ಮೇಲೆ ಚಪ್ಪಲಿ, ಬೈಕಿನ ಹೆಲ್ಮೆಟ್ಟು, ಪುಸ್ತಕದ ರಟ್ಟಿನ ಡಬ್ಬಿ ಇಡಬೇಡಿ ಎಂದು ದಿನಾ ಬೈಯುವುದು.

ಈ ಏರ್ಪಾಡಿನಲ್ಲಿ ಯಾವುದಾದರೂ ಹೊಂದದಿದ್ದರೆ ಭಾನುವಾರ ನಾಷ್ಟಾ ಆದ ಮೇಲೆ ಪಡಸಾಲೆಗೆ ಬನ್ನಿ. ಊಟದ ಹೊತ್ತು ಎಂಟೂವರೆಗೆ ಮುಗಿಯುತ್ತಿದ್ದುದು ಒಂಬತ್ತೂವರೆಯಾದದ್ದು ಕೋಚಿಂಗಿಗೆ ಹೋಗುವ ಹುಡುಗರು ಬಂದು ವಾದ ಮಾಡಿದ್ದರಿಂದಲೇ. ಟಾಕಿಯ ಲೆಕ್ಕದಲ್ಲಿ ತಪ್ಪು ಕಂಡರೆ ಪೆನ್ನು-ಕಾಗದ ತೆಗೆದುಕೊಂಡೇ ಬನ್ನಿ.

ಇತಿ ನಿಮ್ಮ,
ಮನೆ ಮಾಲೀಕ ಕಾಕಾ